ಎಂಟು ಅಂಕಿಗಳ ಕಸುಬು

ಕಲ್ಯಾಣ್, ಡೊಂಬಿವಲಿಗಳಿಂದ ಬೆಳಗ್ಗೆ ಥಾಣೆಗೆ ಬಂದು, ಅಲ್ಲಿ ಟ್ರಾನ್ಸ್ ಹಾರ್ಬರ್ ರೈಲು ಹತ್ತಿ ನವಿ ಮುಂಬಯಿಯ ಕಡೆ ಹೋಗುವ ಬಿ.ಕಾಂ. ಹುಡುಗ ಹುಡುಗಿಯರಲ್ಲಿ ಐಟಿ ಪಾರ್ಕಿಗೆ ಹೋಗುವವರು ಕಣ್ಣಿಗೆ ಬೀಳುತ್ತಾರೆ, ಬ್ಯಾಂಕಿಗೆ ಹೋಗುವವರೂ ಬೀಳುತ್ತಾರೆ. ಕಸ್ಟಮ್ಸ್ ಕ್ಲಿಯರಿಂಗ್ ಕಚೇರಿಗಳಿಗೆ ಹೋಗುವವರನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. 1989ರಲ್ಲಿ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ಶುರುವಾದ ಮೇಲೆ ಈ ಕಸುಬಿನ ದೊಡ್ಡ ಪಾಲು ಮುಂಬಯಿಯ ಕೋಟೆ ಪ್ರದೇಶದಿಂದ ಖಾಡಿ ದಾಟಿ ಈಚೆಗೆ ಬಂತು. 2024ರ ಜನವರಿಯಿಂದ ಉಪನಗರ ರೈಲು ಉರಣ್‌ವರೆಗೂ ಹೋಗುತ್ತದೆ, ದಾರಿಯಲ್ಲಿ ನ್ಹಾವಾ ಶೇವಾ ಎಂಬ ಹೆಸರಿನ ನಿಲ್ದಾಣವೇ ಇದೆ. ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಆದರೆ ಡಿಗ್ರಿ ಮುಗಿಸಿದವರಿಗೆ ಕೆಲಸ ಸುಲಭವಾಗಿ ಸಿಗುತ್ತದೆ.

ಮೊದಲ ಹತ್ತು ವರ್ಷಗಳಲ್ಲಿ ಯಾವ ಕಲಿಕೆ ಮುಂದಿನ ಮೂವತ್ತು ವರ್ಷಗಳ ಸಂಪಾದನೆಯನ್ನು ಏರಿಸುತ್ತದೆ ಎಂಬ ಪ್ರಶ್ನೆಗೆ ಈ ಕಸುಬಿನಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಇನ್ನೊಂದು ಕೆಲಸ ಈ ಭಾಗದಲ್ಲಿ ನನಗೆ ಕಂಡಿಲ್ಲ. ಒಂದೇ ವರ್ಷ, ಒಂದೇ ಕಚೇರಿಗೆ ಸೇರಿದ ಇಬ್ಬರಲ್ಲಿ ಒಬ್ಬ ಹತ್ತು ವರ್ಷ ಕಳೆದ ಮೇಲೂ ಡೆಲಿವರಿ ಆರ್ಡರ್‌ಗಾಗಿ ಹಡಗು ಕಂಪನಿಗಳ ಕೌಂಟರ್ ಸುತ್ತುತ್ತಿರುತ್ತಾನೆ. ಇನ್ನೊಬ್ಬನನ್ನು ಕರೆದುಕೊಳ್ಳಲು ಆಮದುದಾರರೇ ಪೈಪೋಟಿಗೆ ನಿಂತಿರುತ್ತಾರೆ. ಇವರ ನಡುವಿನ ಅಂತರ ಇಂಗ್ಲಿಷ್ ಮಾತಿನದ್ದಲ್ಲ, ಕಂಪ್ಯೂಟರಿನದ್ದೂ ಅಲ್ಲ. ಸಾಮಾನನ್ನು ನೋಡಿ ಅದರ ಎಂಟು ಅಂಕಿಯ ಸುಂಕದ ಶೀರ್ಷಿಕೆಯನ್ನು ತಾನೇ ನಿರ್ಧರಿಸುವುದು, ಅಧಿಕಾರಿ ಪ್ರಶ್ನಿಸಿದರೆ ಅದನ್ನು ಬರವಣಿಗೆಯಲ್ಲಿ ಸಮರ್ಥಿಸುವುದು, ಈ ಎರಡು ಒಬ್ಬನಿಗೆ ಬರುತ್ತವೆ, ಇನ್ನೊಬ್ಬನಿಗೆ ಬರುವುದಿಲ್ಲ.

ಮುಂಬಯಿಯ ನಮ್ಮ ಕನ್ನಡಿಗರಿಗೆ ಇದು ಪೂರ್ತಿ ಹೊಸ ಕಥೆಯೇನಲ್ಲ. ಕರಾವಳಿಯಿಂದ ಬಂದು ಹಗಲು ಹೋಟೆಲ್, ಕ್ಯಾಂಟೀನುಗಳಲ್ಲಿ ದುಡಿದು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರು ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು ಆಫೀಸು ಸೇರಿತು. ಆ ಕಾಲಕ್ಕೆ ಅದು ಸಾಕಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ಕಾಲೇಜಿನಂಥ ಕಡೆ ಬಿ.ಕಾಂ. ಮುಗಿಸುತ್ತಾರೆ. ಟೈಪಿಂಗ್‌ಗೆ ಆಗ ಇದ್ದ ಬೆಲೆ ಈಗ ಯಾವುದಕ್ಕಿದೆ ಎಂಬುದನ್ನು ಹೇಳಿಕೊಡುವವರು ಮಾತ್ರ ಕಡಿಮೆ.

ಕಸುಬಿನ ಮೆಟ್ಟಿಲುಗಳನ್ನು ಸರ್ಕಾರವೇ ಕಟ್ಟಿಟ್ಟಿದೆ. ಹಿಂದೆ ಸಿಎಚ್‌ಎ ಎಂದು ಕರೆಯುತ್ತಿದ್ದವರನ್ನು ಈಗ ಕಸ್ಟಮ್ಸ್ ಬ್ರೋಕರ್ ಎನ್ನುತ್ತಾರೆ, ಅವರಿಗೆ 2018ರ ಪರವಾನಗಿ ನಿಯಮಗಳು ಅನ್ವಯಿಸುತ್ತವೆ. ಹೊಸದಾಗಿ ಸೇರಿದವನಿಗೆ ಎಚ್ ಕಾರ್ಡ್ ಸಿಗುತ್ತದೆ. ಅದಕ್ಕೆ ಪರೀಕ್ಷೆಯಿಲ್ಲ, ಸಹಿ ಹಾಕುವ ಅಧಿಕಾರವೂ ಇಲ್ಲ. ಕಸ್ಟಮ್ ಹೌಸ್ ನಡೆಸುವ ಪರೀಕ್ಷೆ ಪಾಸಾದರೆ ಜಿ ಕಾರ್ಡ್ ಬರುತ್ತದೆ, ಆಗ ಬ್ರೋಕರ್ ಪರವಾಗಿ ಬಿಲ್ ಆಫ್ ಎಂಟ್ರಿಯಂಥ ಘೋಷಣೆಗಳಿಗೆ ಸಹಿ ಹಾಕಬಹುದು. ಪದವೀಧರನಾಗಿದ್ದು ಜಿ ಕಾರ್ಡ್ ಹಿಡಿದು ಕನಿಷ್ಠ ಎರಡು ವರ್ಷ ಕೆಲಸ ಮಾಡಿದ್ದರೆ, ಎಂಬಿಎ, ಸಿಎ, ಎಲ್‌ಎಲ್‌ಬಿ ಯಾವುದೂ ಇಲ್ಲದೆಯೂ ಬ್ರೋಕರ್ ಪರವಾನಗಿಯ ಪರೀಕ್ಷೆಗೆ ಕೂರಲು ದಾರಿಯಿದೆ. ಅದನ್ನು ದಾಟಿದವನು ಎಫ್ ಕಾರ್ಡಿನ ದರ್ಜೆಗೆ ಬರುತ್ತಾನೆ. ಹಣವಿಲ್ಲದ ಮನೆಯ ಮಗನಿಗೆ ಈ ಎರಡು ವರ್ಷದ ಷರತ್ತು ದೊಡ್ಡ ಅನುಕೂಲ: ಎಂಬಿಎ ಶುಲ್ಕ ಕಟ್ಟುವ ಬದಲು ಸಂಬಳ ತೆಗೆದುಕೊಳ್ಳುತ್ತಲೇ ಅರ್ಹತೆ ಗಳಿಸಬಹುದು.

ಹೀಗಿದ್ದರೂ ಬಹಳ ಜನ ಎಚ್ ಕಾರ್ಡಿನಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತಾರೆ. ಸೋಮಾರಿತನ ಇದಕ್ಕೆ ಕಾರಣವಲ್ಲ. ಓಡಾಟದ ಕೆಲಸಕ್ಕೆ ಕೈಗೆ ಸ್ವಲ್ಪ ನಗದು ಬರುತ್ತದೆ, ಬೈಕಿನ ಪೆಟ್ರೋಲು ಸಿಗುತ್ತದೆ, ನಾಲ್ಕು ಜನರ ಪರಿಚಯವಾಗುತ್ತದೆ. ‘ನನಗೆ ಎಲ್ಲರೂ ಗೊತ್ತು’ ಎಂಬ ಹೆಮ್ಮೆಯೂ ಬೆಳೆಯುತ್ತದೆ. ಈ ಪರಿಚಯಕ್ಕೆ ಒಂದು ಕಾಲದಲ್ಲಿ ನಿಜವಾಗಿಯೂ ಬೆಲೆಯಿತ್ತು.

ಆ ಬೆಲೆ ಕುಸಿದದ್ದು 2020ರಲ್ಲಿ. ಮುಖಾಮುಖಿಯಿಲ್ಲದ ಮೌಲ್ಯಮಾಪನ, ಅಂದರೆ ಫೇಸ್‌ಲೆಸ್ ಅಸೆಸ್‌ಮೆಂಟ್, ಆ ವರ್ಷದ ಜೂನ್‌ನಲ್ಲಿ ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಶುರುವಾಗಿ ಅಕ್ಟೋಬರ್ ಕೊನೆಯ ಹೊತ್ತಿಗೆ ದೇಶವಿಡೀ ಬಂತು. ನ್ಹಾವಾ ಶೇವಾದಲ್ಲಿ ಇಳಿದ ಸರಕಿನ ಬಿಲ್ಲನ್ನು ಬೇರೊಂದು ಊರಿನಲ್ಲಿ ಕುಳಿತ ಅಧಿಕಾರಿ ನೋಡುತ್ತಾನೆ. ಅವನು ಯಾರು ಎಂಬುದು ಬಿಲ್ ಹಾಕಿದವನಿಗೆ ಗೊತ್ತಾಗುವುದಿಲ್ಲ. ದಾಖಲೆಗಳೆಲ್ಲ ಇ-ಸಂಚಿತ್ ಮೂಲಕ ಹೋಗುತ್ತವೆ, ಪ್ರಶ್ನೆ ತೆರೆಯ ಮೇಲೆ ಬರುತ್ತದೆ, ಉತ್ತರವನ್ನೂ ಅಲ್ಲೇ ಬರೆಯಬೇಕು. ಸರಕನ್ನು ಬಿಚ್ಚಿ ಪರೀಕ್ಷಿಸುವ ಹಂತದಲ್ಲಿ ಸ್ಥಳೀಯ ಓಡಾಟ ಉಳಿದಿದೆ, ಡೆಲಿವರಿಗೂ ಬೇಕು. ಸುಂಕ ಎಷ್ಟು ಎಂದು ತೀರ್ಮಾನವಾಗುವ ಜಾಗದಲ್ಲಿ ಮಾತ್ರ ಪರಿಚಯದ ಮುಖಕ್ಕೆ ಕೆಲಸವಿಲ್ಲ.

ಕೆಲಸ ಹೇಗಿರುತ್ತದೆ ಎಂದು ಒಂದು ಸರಕನ್ನೇ ಹಿಡಿದು ನೋಡೋಣ. ಭಿವಂಡಿಯಲ್ಲಿ ಗೋದಾಮು ಇಟ್ಟುಕೊಂಡ ಒಬ್ಬ ವ್ಯಾಪಾರಿ ಕಾರುಗಳ ಬ್ರೇಕ್ ರಿಪೇರಿಯ ಸಾಮಾನು ತರಿಸಿದ್ದಾನೆ ಎಂದಿಟ್ಟುಕೊಳ್ಳಿ. ಇನ್‌ವಾಯ್ಸ್‌ನಲ್ಲಿ ನಾಲ್ಕು ಸಾಲುಗಳಿವೆ: ಬ್ರೇಕ್ ಪ್ಯಾಡ್, ಉಕ್ಕಿನ ಬೋಲ್ಟ್, ರಬ್ಬರ್ ಸೀಲ್, ಬೇರಿಂಗ್. ಮೇಲೆ ದಪ್ಪಕ್ಷರದಲ್ಲಿ ‘ಆಟೊ ಪಾರ್ಟ್ಸ್’ ಎಂದಿದೆ. ಕಳಿಸಿದವನು ನಾಲ್ಕಕ್ಕೂ 8708 ಎಂದು ನಮೂದಿಸಿದ್ದಾನೆ. 8708 ಎಂದರೆ ಮೋಟಾರು ವಾಹನಗಳ ಬಿಡಿಭಾಗ. ಹೊಸಬ ಅದನ್ನೇ ನಕಲು ಮಾಡಿ ಚೆಕ್‌ಲಿಸ್ಟ್ ತಯಾರಿಸುತ್ತಾನೆ. ಬಿಲ್ ಹಾಕುವ ಮೊದಲು ಆಮದುದಾರನ ಒಪ್ಪಿಗೆಗೆ ಕಳಿಸುವ ಕರಡಿಗೆ ಚೆಕ್‌ಲಿಸ್ಟ್ ಎನ್ನುತ್ತಾರೆ. ಆಮದುದಾರನಿಗೂ ಅಂಕಿಗಳು ತಿಳಿಯವು, ವಾಟ್ಸಾಪ್‌ನಲ್ಲಿ ‘ಓಕೆ’ ಎನ್ನುತ್ತಾನೆ.

ಕೆಲಸ ಬಲ್ಲವನು ಸುಂಕಪಟ್ಟಿಯ ದರದ ಪುಟಕ್ಕೆ ಮೊದಲು ಹೋಗುವುದಿಲ್ಲ. ವಾಹನಗಳ ಅಧ್ಯಾಯಗಳೆಲ್ಲ ಸೇರುವ ಹದಿನೇಳನೆಯ ವಿಭಾಗದ ಆರಂಭದಲ್ಲಿರುವ ಟಿಪ್ಪಣಿಗಳನ್ನು ತೆರೆಯುತ್ತಾನೆ. ಅಲ್ಲಿನ ಎರಡನೆಯ ಟಿಪ್ಪಣಿ ‘ಬಿಡಿಭಾಗ’ ಎಂಬ ಮಾತಿನಿಂದ ಯಾವುದನ್ನೆಲ್ಲ ಹೊರಗಿಡಬೇಕು ಎಂದು ಹೇಳುತ್ತದೆ, ಅವು ವಾಹನಕ್ಕೆಂದೇ ಮಾಡಿದ್ದಾದರೂ ಸರಿಯೇ. ಬೋಲ್ಟು, ನಟ್ಟುಗಳಂಥ ಸಾಮಾನ್ಯ ಬಳಕೆಯ ಲೋಹದ ಭಾಗಗಳು ಹೊರಗೆ. ಆದ್ದರಿಂದ ಉಕ್ಕಿನ ಬೋಲ್ಟು 7318ಕ್ಕೆ ಹೋಗುತ್ತದೆ. ಮೃದು ರಬ್ಬರಿನ ಸೀಲು, ವಾಷರುಗಳೂ ಹೊರಗೆ, ಅವು 4016ಕ್ಕೆ. ಬೇರಿಂಗ್ 8482ಕ್ಕೆ. ಉಳಿದದ್ದು ಬ್ರೇಕ್ ಪ್ಯಾಡ್. ಅದರಲ್ಲೂ ಒಂದು ಪ್ರಶ್ನೆ ಕೇಳಬೇಕು: ಘರ್ಷಣೆಯ ಪದಾರ್ಥವನ್ನು ಲೋಹದ ತಗಡಿಗೆ ಕೂರಿಸಿದ್ದಾರೋ, ಬರೀ ಪದಾರ್ಥವೋ? ಕೂರಿಸಿದ್ದರೆ 8708ರಲ್ಲೇ ಬ್ರೇಕಿನ ಉಪಶೀರ್ಷಿಕೆ. ಬರೀ ಪದಾರ್ಥವಾದರೆ 6813. ಇನ್‌ವಾಯ್ಸ್ ಓದಿದರೆ ಇದು ತಿಳಿಯುವುದಿಲ್ಲ. ಫೋಟೊ ತರಿಸಿಕೊಳ್ಳಬೇಕು, ಇಲ್ಲವೇ ಗೋದಾಮಿಗೆ ಹೋಗಿ ಹಳೆಯ ಸ್ಟಾಕನ್ನು ಕೈಯಲ್ಲಿ ಹಿಡಿದು ನೋಡಬೇಕು. ಓಡಾಟ ಗೊತ್ತಿದ್ದವನಿಗೆ ಇಲ್ಲಿ ಒಂದು ಲಾಭವಿದೆ, ಅವನು ಪೆಟ್ಟಿಗೆ ಬಿಚ್ಚಿದ್ದನ್ನು ಕಣ್ಣಾರೆ ಕಂಡಿರುತ್ತಾನೆ.

ಇದರಿಂದ ಹಣದಲ್ಲಿ ಏನು ವ್ಯತ್ಯಾಸವಾಗುತ್ತದೆ? ಬೋಲ್ಟುಗಳ ಬೆಲೆ ಸಾಗಣೆ, ವಿಮೆ ಸೇರಿ 10 ಲಕ್ಷ ರೂಪಾಯಿ, ಮೂಲ ಸುಂಕ ಶೇ. 15 ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಸುಂಕ 1,50,000. ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್ಚಾರ್ಜ್ 15,000. ಒಟ್ಟು ಮೌಲ್ಯ 11,65,000ಕ್ಕೆ ಬಂತು, ಐಜಿಎಸ್‌ಟಿ ಬೀಳುವುದು ಇದರ ಮೇಲೆ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಬೋಲ್ಟಿಗೆ ಶೇ. 18, 8708ರ ಬಿಡಿಭಾಗಕ್ಕೆ ಶೇ. 28 ಇತ್ತು. ಮೊದಲನೆಯದರಲ್ಲಿ 2,09,700, ಎರಡನೆಯದರಲ್ಲಿ 3,26,200. ತಪ್ಪು ಶೀರ್ಷಿಕೆ ಹಾಕಿದ್ದರೆ ಒಂದೇ ಸಾಲಿನಲ್ಲಿ 1,16,500 ರೂಪಾಯಿ ಹೆಚ್ಚು ಕಟ್ಟಬೇಕಿತ್ತು. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ ಅದು ಕ್ರೆಡಿಟ್ ಆಗಿ ಮರಳುತ್ತದೆ ಎಂಬುದು ನಿಜ. ಆದರೆ ಅಲ್ಲಿಯವರೆಗೆ ಹಣ ಸಿಕ್ಕಿಕೊಂಡಿರುತ್ತದೆ, ತಿಂಗಳಿಗೆ ಹತ್ತು ಕಂಟೇನರ್ ತರಿಸುವವನಿಗೆ ಅದರ ಬಡ್ಡಿಯೇ ಒಬ್ಬನ ಸಂಬಳವಾದೀತು.

ಈಗ ಎರಡಕ್ಕೂ ಶೇ. 18 ಆಗಿರುವುದರಿಂದ ಶೀರ್ಷಿಕೆ ಯಾವುದಾದರೇನು ಎಂದು ಕೆಲವರು ಕೇಳುತ್ತಾರೆ. ದರ ಒಂದೇ ಆದರೂ ಶೀರ್ಷಿಕೆಗೆ ಅಂಟಿಕೊಂಡ ಬೇರೆ ವಿಷಯಗಳು ಹಾಗೇ ಇವೆ. ಆ್ಯಂಟಿ ಡಂಪಿಂಗ್ ಸುಂಕದ ಅಧಿಸೂಚನೆಗಳು ಸಾಮಾನನ್ನು ಹೆಸರಿಸುವಾಗ ಶೀರ್ಷಿಕೆಯನ್ನೂ ಹೇಳುತ್ತವೆ. ಬಿಐಎಸ್ ಗುಣಮಟ್ಟದ ಆದೇಶಗಳೂ ಹಾಗೆಯೇ. ವ್ಯಾಪಾರ ಒಪ್ಪಂದವಿರುವ ದೇಶದಿಂದ ರಿಯಾಯಿತಿ ದರದಲ್ಲಿ ತರಿಸಿದ್ದರೆ, ಮೂಲಸ್ಥಾನದ ಪ್ರಮಾಣಪತ್ರದಲ್ಲಿ 7318 ಇದ್ದು ಬಿಲ್ಲಿನಲ್ಲಿ 8708 ಇದ್ದರೆ ರಿಯಾಯಿತಿಗೆ ತಕರಾರು ಬರುತ್ತದೆ. ತಕರಾರು ಬಗೆಹರಿಯುವವರೆಗೆ ಕಂಟೇನರ್ ಕಾಯುತ್ತದೆ, ಹಡಗು ಕಂಪನಿಯ ಡಿಟೆನ್ಷನ್ ದಿನದಿನಕ್ಕೆ ಏರುತ್ತದೆ.

ಕೆಲಸದ ಎರಡನೆಯ ಅರ್ಧ ಉತ್ತರ ಬರೆಯುವುದು. ತೆರೆಯ ಮೇಲೆ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೆರಡು ಸಾಲಿನದ್ದು: ವರ್ಗೀಕರಣ ಸಮರ್ಥಿಸಿ, ಕ್ಯಾಟಲಾಗ್ ಹಾಕಿ. ‘ಹಿಂದಿನ ಎಲ್ಲ ಬಿಲ್ಲುಗಳಲ್ಲೂ ಇದೇ ಶೀರ್ಷಿಕೆ ಹಾಕಿದ್ದೇವೆ, ದಯವಿಟ್ಟು ಕ್ಲಿಯರ್ ಮಾಡಿ’ ಎಂಬುದು ಬಹಳ ಕಚೇರಿಗಳಿಂದ ಹೋಗುವ ಉತ್ತರ. ಹಿಂದೆ ತಪ್ಪಾಗಿದ್ದರೆ ಇದು ತಾನೇ ಬರೆದುಕೊಟ್ಟ ಸಾಕ್ಷಿಯಾಗುತ್ತದೆ. ಬಲ್ಲವನ ಉತ್ತರದಲ್ಲಿ ಮೊದಲು ಸಾಮಾನು ಏನು, ಯಾವ ಪದಾರ್ಥದ್ದು, ಏನು ಕೆಲಸ ಮಾಡುತ್ತದೆ ಎಂಬ ವಿವರ. ಆಮೇಲೆ ಶೀರ್ಷಿಕೆಯ ಮಾತುಗಳು ಮತ್ತು ವಿಭಾಗದ ಟಿಪ್ಪಣಿ. ನಂತರ, ಎದುರಾಗಬಹುದಾದ ಇನ್ನೊಂದು ಶೀರ್ಷಿಕೆ ಯಾಕೆ ಸಲ್ಲುವುದಿಲ್ಲ ಎಂಬುದು. ಕ್ಯಾಟಲಾಗಿನ ಯಾವ ಪುಟ ನೋಡಬೇಕು ಎಂಬ ಗುರುತು. ಒಟ್ಟು ಅರ್ಧ ಪುಟ ಮೀರುವುದಿಲ್ಲ. ದಿನಕ್ಕೆ ಎಷ್ಟೋ ಬಿಲ್ಲು ನೋಡುವ ಅಧಿಕಾರಿಗೆ ಈ ಅರ್ಧ ಪುಟ ಸಿಕ್ಕಿದರೆ ಅವನು ತನ್ನ ಟಿಪ್ಪಣಿಯನ್ನು ಅದರಿಂದಲೇ ಬರೆದುಕೊಳ್ಳಬಹುದು. ಬರವಣಿಗೆ ಎಂದರೆ ಸಾಹಿತ್ಯ ಎಂದುಕೊಂಡು ಅದರಿಂದ ದೂರ ಉಳಿದ ವಾಣಿಜ್ಯ ವಿದ್ಯಾರ್ಥಿಗಳಿಗೆ ಇದೊಂದು ಸಿಹಿ ಸುದ್ದಿ. ಇಲ್ಲಿ ಅಲಂಕಾರ ಬೇಕಿಲ್ಲ, ಕ್ರಮ ಬೇಕು.

ಸಮಯದ ವಿಷಯವೊಂದಿದೆ. 2021ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಹಡಗು ಬರುವ ದಿನದ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಸಲ್ಲಿಸಿರಬೇಕು, ಹತ್ತಿರದ ಕೆಲವು ದೇಶಗಳ ಸರಕಿಗೆ ಮಾತ್ರ ಸ್ವಲ್ಪ ಸಡಿಲ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಎರಡು ದಿನ ತಡವಾದರೆ 10,000 ಹೋಯಿತು, ಒಂದು ಬಿಲ್ಲಿಗೆ ಏಜೆನ್ಸಿ ಪಡೆಯುವ ಶುಲ್ಕವನ್ನೇ ಇದು ನುಂಗಬಹುದು. ಅಂದರೆ ವರ್ಗೀಕರಣದ ಯೋಚನೆ ಸರಕು ಸಮುದ್ರದ ಮೇಲಿರುವಾಗಲೇ ಮುಗಿದಿರಬೇಕು. ಫೋಟೊ ತರಿಸಿಕೊಳ್ಳುವ ಇಮೇಲ್ ಹಡಗು ಹೊರಟ ದಿನ ಹೋಗಬೇಕು, ಬಂದ ದಿನವಲ್ಲ.

ಈ ಕಸುಬಿನ ಅಪಾಯಕಾರಿ ಗುಣವೆಂದರೆ ತಪ್ಪು ತಕ್ಷಣ ಕಾಣುವುದಿಲ್ಲ. 2011ರಿಂದ ಸುಂಕವನ್ನು ಆಮದುದಾರನೇ ಲೆಕ್ಕ ಹಾಕಿ ಘೋಷಿಸುವ ಪದ್ಧತಿ ಇದೆ. ಕಂಪ್ಯೂಟರಿನ ಅಪಾಯ ಅಂದಾಜು ವ್ಯವಸ್ಥೆ ಬಹಳಷ್ಟು ಬಿಲ್ಲುಗಳನ್ನು ಯಾರೂ ನೋಡದೆಯೇ ಬಿಟ್ಟುಬಿಡುತ್ತದೆ. ಔಟ್ ಆಫ್ ಚಾರ್ಜ್ ಸಿಕ್ಕಿತು, ಲಾರಿ ಹೊರಟಿತು, ಎಲ್ಲರೂ ಖುಷಿ. ಕಡಿಮೆ ಸುಂಕ ಕಟ್ಟಿದ್ದಾಗಿದ್ದರೆ ಕ್ಲಿಯರೆನ್ಸ್ ನಂತರದ ಆಡಿಟ್‌ನಲ್ಲಿ ಅದು ಮೇಲೆ ಬರುತ್ತದೆ. ಸಾಮಾನ್ಯ ತಪ್ಪಿಗೆ ಎರಡು ವರ್ಷ ಹಿಂದಕ್ಕೆ, ಮರೆಮಾಚಿದ್ದು ಎಂದಾದರೆ ಐದು ವರ್ಷ ಹಿಂದಕ್ಕೆ ಹೋಗಿ ನೋಟಿಸ್ ಕೊಡಬಹುದು, ಬಡ್ಡಿ ಬೇರೆ. ಎರಡು ವರ್ಷದಲ್ಲಿ ಅದೇ ಶೀರ್ಷಿಕೆಯಲ್ಲಿ ನಲವತ್ತು ಬಿಲ್ ಹೋಗಿದ್ದರೆ ನಲವತ್ತರದ್ದೂ ಲೆಕ್ಕ. ಆದ್ದರಿಂದ ‘ನನ್ನ ಬಿಲ್ಲು ಯಾವತ್ತೂ ನಿಂತಿಲ್ಲ’ ಎನ್ನುವವನನ್ನು ಕೆಲಸ ಬಲ್ಲವನೆಂದು ನಂಬಬಾರದು. ಪ್ರತಿ ಸಾಮಾನಿಗೂ ‘ಈ ಶೀರ್ಷಿಕೆ ಯಾಕೆ’ ಎಂದು ಬರೆದಿಟ್ಟ ಒಂದು ಪುಟ ಇದೆಯೇ ಎಂದು ಕೇಳಿ ನೋಡಬೇಕು.

ಆ ಪುಟವೇ ಕಲಿಯುವ ವಿಧಾನವೂ ಹೌದು. ಎಚ್ ಕಾರ್ಡಿನ ಹುಡುಗನ ಕೈಯಲ್ಲಿ ದಿನವೂ ಇನ್‌ವಾಯ್ಸ್‌ಗಳು ಹಾದುಹೋಗುತ್ತವೆ. ಒಂದೊಂದರಿಂದ ಒಂದು ಸಾಲು ಆರಿಸಿ, ಕಚೇರಿ ಹಾಕಿದ ಶೀರ್ಷಿಕೆಯನ್ನು ನೋಡದೆ ತಾನೇ ಹುಡುಕಿ, ಆಮೇಲೆ ಹೋಲಿಸಬೇಕು. ಹೊಂದದಿದ್ದರೆ ಹಿರಿಯರ ಹತ್ತಿರ ಕೇಳಬೇಕು. ‘ಅಣ್ಣ, ಇದಕ್ಕೆ 3926 ಯಾಕೆ ಹಾಕಿದ್ದೀರಿ?’ ಎಂದರೆ ಹೆಚ್ಚಿನವರು ಬೈಯುವುದಿಲ್ಲ. ‘ಮೊದಲಿನಿಂದ ಹಾಗೇ ಮಾರಾಯ’ ಎಂಬ ಉತ್ತರ ಬಂದರೆ ಅಲ್ಲೊಂದು ಸಂಶೋಧನೆಯ ವಿಷಯ ಸಿಕ್ಕಿತು ಎಂದು ತಿಳಿಯಬೇಕು. ಸುಂಕಪಟ್ಟಿ, ಅದರ ವಿಭಾಗ ಮತ್ತು ಅಧ್ಯಾಯಗಳ ಟಿಪ್ಪಣಿಗಳು, ವರ್ಗೀಕರಣದ ಆರು ಸಾಮಾನ್ಯ ನಿಯಮಗಳು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ತಾಣದಲ್ಲಿ ಉಚಿತವಾಗಿವೆ. ಮುಂಬಯಿ ಮತ್ತು ದೆಹಲಿಗಳಲ್ಲಿ 2021ರಿಂದ ಕೆಲಸ ಮಾಡುತ್ತಿರುವ ಮುಂಗಡ ನಿರ್ಣಯ ಪ್ರಾಧಿಕಾರಗಳ ತೀರ್ಪುಗಳೂ ಓದಲು ಸಿಗುತ್ತವೆ. ಒಂದು ಸಾಮಾನು ಎರಡು ಶೀರ್ಷಿಕೆಗಳ ನಡುವೆ ತೂಗಾಡುವಾಗ ಹೇಗೆ ವಾದಿಸಬೇಕು ಎಂಬುದಕ್ಕೆ ಅವುಗಳಿಗಿಂತ ಒಳ್ಳೆಯ ಪಠ್ಯ ಇಲ್ಲ. ಕೋಚಿಂಗ್ ಕ್ಲಾಸುಗಳ ಗೈಡು ಪರೀಕ್ಷೆಗೆ ಸಹಾಯ ಮಾಡೀತು, ಕೆಲಸಕ್ಕೆ ಅಷ್ಟಾಗಿ ಇಲ್ಲ.

ಪರೀಕ್ಷೆ ಕಷ್ಟವೇ. ಪರವಾನಗಿಯ ಲಿಖಿತ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ, 150 ಪ್ರಶ್ನೆ. ಸರಿಯುತ್ತರಕ್ಕೆ ಮೂರು ಅಂಕ, ತಪ್ಪಿಗೆ ಒಂದು ಅಂಕ ಕಡಿತ, ಪಾಸಾಗಲು ಶೇ. 60 ಬೇಕು. ಆಮೇಲೆ ಮೌಖಿಕವೂ ಇದೆ. ಸೆಕ್ಷನ್ ಸಂಖ್ಯೆಗಳನ್ನು ಬಾಯಿಪಾಠ ಮಾಡಿ ಲಿಖಿತ ದಾಟಿದವರು ಮೌಖಿಕದಲ್ಲಿ ‘ಈ ಸಾಮಾನು ಬಂದರೆ ಏನು ಮಾಡುತ್ತೀರಿ’ ಎಂಬ ಪ್ರಶ್ನೆಗೆ ತಡವರಿಸುತ್ತಾರೆ.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ನೇರವಾಗಿ ಹೇಳಬೇಕು. ಓಡಾಟದ ಕೆಲಸದವನಿಗೆ ಬಿಲ್ಲಿನ ಸಂಖ್ಯೆ ನೋಡಿ ಸಂಬಳ, ಅವನು ಬಿಟ್ಟುಹೋದರೆ ಮರುದಿನ ಇನ್ನೊಬ್ಬ ಬರುತ್ತಾನೆ. ವರ್ಗೀಕರಣ ಬಲ್ಲವನ ಸಂಬಳವನ್ನು ಆಮದುದಾರ ತನ್ನ ಸುಂಕದ ಮೊತ್ತದ ಎದುರಿಗಿಟ್ಟು ತೂಗುತ್ತಾನೆ. ತಲೋಜಾ, ಅಂಬರ್‌ನಾಥ್, ಟಿಟಿಸಿ ಕಡೆಯ ಕಾರ್ಖಾನೆಗಳಿಗೆ ಕಚ್ಚಾಮಾಲು ತರಿಸುವ ಕಂಪನಿಗಳು ತಮ್ಮದೇ ಎಕ್ಸಿಮ್ ವಿಭಾಗಕ್ಕೆ ಇಂಥವರನ್ನು ಬ್ರೋಕರ್ ಕಚೇರಿಗಳಿಂದಲೇ ಆರಿಸಿಕೊಳ್ಳುತ್ತವೆ. ಬಹಳ ಜನರ ಸಂಬಳ ಏರುವುದು ಈ ಜಿಗಿತದಲ್ಲಿ, ಒಳಗಿನ ಬಡ್ತಿಯಲ್ಲಿ ಅಲ್ಲ. ಮೊದಲ ಆರು ಅಂಕಿ ಜಗತ್ತಿನಾದ್ಯಂತ ಒಂದೇ ಆದ್ದರಿಂದ, ದುಬೈಗೆ ಹೋಗಬೇಕೆನ್ನುವವನೂ ಕಲಿತದ್ದನ್ನು ಹೊತ್ತುಕೊಂಡೇ ಹೋಗಬಹುದು. ನ್ಹಾವಾ ಶೇವಾದ ಯಾವ ಕೌಂಟರಿನಲ್ಲಿ ಯಾರು ಕೂರುತ್ತಾರೆ ಎಂಬ ಜ್ಞಾನ ವಾಶಿ ಸೇತುವೆ ದಾಟಿದರೆ ಉಪಯೋಗಕ್ಕೆ ಬಾರದು.

ಎಫ್ ಕಾರ್ಡ್ ಬಂದ ಕೂಡಲೇ ಸ್ವಂತ ಕಚೇರಿ ತೆರೆಯುವ ಆಸೆ ಸಹಜ. 5 ಲಕ್ಷ ರೂಪಾಯಿಯ ಭದ್ರತೆ ಇಡಬೇಕು, ಅದನ್ನು ಹೇಗೋ ಹೊಂದಿಸಬಹುದು. ಗಿರಾಕಿಗಳನ್ನು ಹೊಂದಿಸುವುದು ಬೇರೆ ಮಾತು, ಪರೀಕ್ಷೆ ಅದನ್ನು ಕಲಿಸುವುದಿಲ್ಲ. ಖಾಲಿ ಕಚೇರಿಯಲ್ಲಿ ಕುಳಿತ ಹೊಸ ಬ್ರೋಕರ್ ಹತ್ತಿರ ಮೊದಲು ಬರುವವನು ಹೆಚ್ಚಾಗಿ ‘ನಿಮ್ಮ ಲೈಸೆನ್ಸ್‌ನಲ್ಲಿ ನನ್ನ ಬಿಲ್ ಹಾಕಿಕೊಡಿ, ಕೆಲಸ ನಾವೇ ಮಾಡಿಕೊಳ್ಳುತ್ತೇವೆ, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎನ್ನುವವನು. ಪರವಾನಗಿಯನ್ನು ಹಾಗೆ ಬಾಡಿಗೆಗೆ ಕೊಡುವಂತಿಲ್ಲ. ಆಮದುದಾರನ ಐಇಸಿ, ಜಿಎಸ್‌ಟಿ ಸಂಖ್ಯೆ, ಗುರುತು, ಹೇಳಿದ ವಿಳಾಸದಲ್ಲಿ ಅವನು ನಿಜವಾಗಿ ಇದ್ದಾನೆಯೇ ಎಂಬುದನ್ನು ಪರಿಶೀಲಿಸುವ ಹೊಣೆ ನಿಯಮದ ಪ್ರಕಾರ ಬ್ರೋಕರನದು. ಬೇನಾಮಿ ಐಇಸಿಯಲ್ಲಿ ಬಂದ ಕಂಟೇನರಿನಿಂದ ಬೇರೇನೋ ಹೊರಬಿದ್ದರೆ ವಿಚಾರಣೆ ಪರವಾನಗಿದಾರನ ಮೇಲೆ, ಸಹಿ ಹಾಕಿದ ಜಿ ಕಾರ್ಡಿನವನ ಮೇಲೂ. ಹತ್ತು ವರ್ಷದ ಶ್ರಮ ಒಂದು ಅಮಾನತಿನ ಆದೇಶದಲ್ಲಿ ನಿಂತುಹೋಗುವುದು ಹೀಗೆ. ಹೊಸ ಗಿರಾಕಿಯ ವಿಳಾಸಕ್ಕೆ ಒಮ್ಮೆ ಹೋಗಿ ಬಾಗಿಲ ಬೋರ್ಡಿನ ಫೋಟೊ ತೆಗೆದು ಫೈಲಿನಲ್ಲಿಡುವುದು ಅರ್ಧ ದಿನದ ಕೆಲಸ.

ಕಲಿಕೆಗೆ ಈಗ ಒಂದು ಒಳ್ಳೆಯ ಅವಕಾಶವೂ ಎದುರಿಗಿದೆ. ಆರು ಅಂಕಿಯ ಅಂತಾರಾಷ್ಟ್ರೀಯ ಪಟ್ಟಿ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಈಗಿನದು 2022ರ ಆವೃತ್ತಿ, ಮುಂದಿನದು 2028ರ ಜನವರಿ 1ರಿಂದ. ಕೆಲವು ಶೀರ್ಷಿಕೆಗಳು ಒಡೆಯುತ್ತವೆ, ಕೆಲವು ಮಾಯವಾಗುತ್ತವೆ, ಭಾರತದ ಎಂಟು ಅಂಕಿಗಳೂ ಅದಕ್ಕೆ ತಕ್ಕಂತೆ ಬದಲಾಗಬೇಕಾಗುತ್ತದೆ. ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡ ಹಿರಿಯರು ಆಗ ತಡಕಾಡುತ್ತಾರೆ. ಈ ವರ್ಷ ಎಚ್ ಕಾರ್ಡ್ ಪಡೆದ ಹುಡುಗಿಯೊಬ್ಬಳು ತನ್ನ ಕಚೇರಿಯ ದೊಡ್ಡ ಹತ್ತು ಗಿರಾಕಿಗಳ ಸಾಮಾನುಗಳನ್ನು ಪಟ್ಟಿ ಮಾಡಿ, ಹಳೆಯ ಶೀರ್ಷಿಕೆಯ ಎದುರು ಹೊಸದನ್ನೂ ಬದಲಾವಣೆಯ ಕಾರಣವನ್ನೂ ಬರೆದಿಟ್ಟುಕೊಂಡರೆ, 2027ರ ಡಿಸೆಂಬರಿನಲ್ಲಿ ಹತ್ತೂ ಗಿರಾಕಿಗಳ ಫೋನು ಅವಳ ಮೇಜಿಗೇ ಬರುತ್ತದೆ.